ಬ್ಲ್ಯಾಕ್‌ಜಾಕ್: 3:2 ಟೇಬಲ್ಲೋ, 6:5 ಟೇಬಲ್ಲೋ?

ಚಿಕ್ಕಮಗಳೂರಿಂದ ಗೋವಾ ಕ್ಯಾಸಿನೋಗೆ ಹೊರಟಿದ್ದೇವೆ. ಬ್ಲ್ಯಾಕ್‌ಜಾಕ್ ಇಸ್ಪೀಟಾಟದಲ್ಲಿ ಯಾವ ಎಲೆ ಬಂದರೆ ಏನು ಮಾಡಬೇಕೆಂಬ ಬೇಸಿಕ್ ಸ್ಟ್ರಾಟಜಿ ಬಾಯಿಪಾಠ ಆಗಿದೆ. ಇನ್ನು ಯಾವ ಟೇಬಲ್ ಆದರೇನು?

ಹಾಗಲ್ಲ. 6:5 ಟೇಬಲ್ಲಿಗೆ ಮಾತ್ರ ಕೂರಬೇಡಿ.

ಎಕ್ಕದ ಜೊತೆ ಹತ್ತರ ಬೆಲೆಯ ಎಲೆ ಬಿದ್ದರೆ ಬ್ಲ್ಯಾಕ್‌ಜಾಕ್. ನೂರು ರೂಪಾಯಿ ಕಟ್ಟಿದ್ದರೆ 3:2ರಲ್ಲಿ ಗೆಲುವು 150, 6:5ರಲ್ಲಿ ಬರೀ 120. ಈ ಕೈ ಸುಮಾರು 21 ಆಟಕ್ಕೊಮ್ಮೆ ಬರುತ್ತದೆ. ಕಳೆದುಕೊಂಡ ಆ 30 ರೂಪಾಯಿಯನ್ನು 21 ಆಟಕ್ಕೆ ಹಂಚಿ ನೋಡಿ: ಪ್ರತಿ ಆಟಕ್ಕೂ ಒಂದೂಕಾಲು ರೂಪಾಯಿಗಿಂತ ಹೆಚ್ಚು.

ಒಳ್ಳೆಯ ನಿಯಮಗಳಿದ್ದು, ಸ್ಟ್ರಾಟಜಿ ತಪ್ಪದೆ ಆಡಿದರೆ ನೂರಕ್ಕೆ ಕ್ಯಾಸಿನೋ ಪಾಲು ಹೆಚ್ಚುಕಡಿಮೆ ಐವತ್ತು ಪೈಸೆ. 6:5ರಲ್ಲಿ ಅದೇ ಎರಡು ರೂಪಾಯಿ ಹತ್ತಿರ ಹೋಗುತ್ತದೆ. ಎಷ್ಟು ಚೆನ್ನಾಗಿ ಆಡಿದರೂ ಇದು ವಾಪಸ್ ಬರಲ್ಲ, ಯಾಕೆಂದರೆ ಎರಡೇ ಎಲೆಗೆ 21 ಆದಾಗ ನೀವು ನಿರ್ಧರಿಸಲು ಏನೂ ಉಳಿದಿರುವುದಿಲ್ಲ. ಎಷ್ಟು ಕೊಡುತ್ತಾರೆಂಬುದು ಸಾಮಾನ್ಯವಾಗಿ ಟೇಬಲ್ ಬಟ್ಟೆಯ ಮೇಲೇ ಬರೆದಿರುತ್ತದೆ. ಇಲ್ಲದಿದ್ದರೆ ದುಡ್ಡು ಇಡುವ ಮೊದಲೇ ಡೀಲರನ್ನು ಕೇಳಿ.