ಎಂಎಲ್‌ಎ ಬ್ಲಾಕ್ ಕೋಟ್: ಫುಲ್‌ಸ್ಟಾಪ್ ಮೊದಲು, ಬ್ರಾಕೆಟ್ ಆಮೇಲೆ

ಪ್ರಶ್ನೆ: «ಇಂಗ್ಲಿಷ್ ಎಂಎ ಡಿಸರ್ಟೇಶನ್ ಬರೀತಿದ್ದೀನಿ, ಉಲ್ಲೇಖಗಳಿಗೆ ಎಂಎಲ್‌ಎ ಸ್ಟೈಲ್. ಉದ್ದ ಕೋಟ್ ಒಂದನ್ನ ಒಳಗೆ ತಳ್ಳಿ ಬರೆದಿದ್ದೆ. ಗೈಡ್ ಕೊನೇ ಸಾಲಿಗೆ ಕೆಂಪು ಸುತ್ತು ಹಾಕಿ ವಾಪಸ್ ಕೊಟ್ಟಿದ್ದಾರೆ. ಪುಟದ ನಂಬರಿನ ಬ್ರಾಕೆಟ್ ಎಲ್ಲಿ ಬರಬೇಕು? ಎಷ್ಟು ಒಳಗೆ ತಳ್ಳಬೇಕು?»

ಕೆಂಪು ಸುತ್ತು ಬಹುಶಃ ಫುಲ್‌ಸ್ಟಾಪಿಗೆ ಬಿದ್ದಿರಬೇಕು. ಸಾಲಿನೊಳಗೆ ಬರುವ ಚಿಕ್ಕ ಕೋಟ್‌ನಲ್ಲಿ ಬ್ರಾಕೆಟ್ ಮೊದಲು, ಫುಲ್‌ಸ್ಟಾಪ್ ಆಮೇಲೆ. ನಿಮ್ಮ ಹಾಗೆ ಒಳಗೆ ತಳ್ಳಿ ಬೇರೆಯಾಗಿ ಬರೆದ ಉದ್ದ ಕೋಟ್, ಅಂದರೆ ಬ್ಲಾಕ್ ಕೋಟ್‌ನಲ್ಲಿ ಇದು ಉಲ್ಟಾ. ನಾನೇ ಕಟ್ಟಿದ ಒಂದು ವಾಕ್ಯದಲ್ಲಿ ತೋರಿಸುತ್ತೇನೆ. ಮೊದಲನೆಯದು ಚಿಕ್ಕ ಕೋಟ್, ಎರಡನೆಯದು ಬ್ಲಾಕ್ ಕೋಟ್‌ನ ಕೊನೆಯ ಸಾಲು:

```
"the tank had gone dry by March" (Rao 57).

and the tank had gone dry by March. (Rao 57)
```

ಕಾರಣ ತಿಳಿದರೆ ಮರೆಯುವುದಿಲ್ಲ. ಚಿಕ್ಕ ಕೋಟ್ ನಿಮ್ಮ ವಾಕ್ಯದ ಒಂದು ಭಾಗ. ಬ್ರಾಕೆಟ್ ಕೂಡ ಅದೇ ವಾಕ್ಯಕ್ಕೆ ಸೇರಿದ್ದು, ಹಾಗಾಗಿ ಎಲ್ಲ ಮುಗಿದ ಮೇಲೆ ಫುಲ್‌ಸ್ಟಾಪ್. ಬ್ಲಾಕ್‌ನಲ್ಲಿ ಲೇಖಕರ ವಾಕ್ಯ ತನ್ನದೇ ಫುಲ್‌ಸ್ಟಾಪಿನಿಂದ ಮುಗಿದಿರುತ್ತದೆ. ಬ್ರಾಕೆಟ್ ಆ ಇಡೀ ತುಣುಕಿಗೆ ಸೇರಿದ್ದು, ಆದ್ದರಿಂದ ಒಂದು ಸ್ಪೇಸ್ ಬಿಟ್ಟು ಹೊರಗೆ ನಿಲ್ಲುತ್ತದೆ. ಅದರ ನಂತರ ಇನ್ನೊಂದು ಫುಲ್‌ಸ್ಟಾಪ್ ಬೇಡ. ಮೂಲದ ವಾಕ್ಯ ಪ್ರಶ್ನೆ ಚಿಹ್ನೆಯಿಂದ ಮುಗಿದಿದ್ದರೂ ಅಷ್ಟೇ. ಹೆಸರಿಗೂ ಪುಟಕ್ಕೂ ನಡುವೆ ಕಾಮಾ ಇಲ್ಲ, `p.` ಕೂಡ ಇಲ್ಲ. ಕೋಟ್‌ಗೆ ಮೊದಲಿನ ನಿಮ್ಮ ವಾಕ್ಯದಲ್ಲೇ ಲೇಖಕರ ಹೆಸರು ಬಂದಿದ್ದರೆ ಬರೀ `(57)` ಸಾಕು.

ಬ್ಲಾಕ್ ಸುತ್ತ ಕೋಟ್ ಮಾರ್ಕ್ ಹಾಕಬೇಡಿ. ಒಳಗೆ ತಳ್ಳಿರುವುದೇ ಅದರ ಗುರುತು. ಮೂಲದಲ್ಲಿ ಯಾರೋ ಆಡಿದ ಮಾತಿಗೆ ಡಬಲ್ ಕೋಟ್ ಇದ್ದರೆ ಅದು ಮಾತ್ರ ಇದ್ದ ಹಾಗೇ ಉಳಿಯುತ್ತದೆ.

40 ಪದ ಅಥವಾ ಅದಕ್ಕಿಂತ ಜಾಸ್ತಿ ಆದರೆ ಬ್ಲಾಕ್ ಅನ್ನುವವರಿದ್ದಾರೆ. ಅದು ಎಪಿಎ ಅನ್ನುವ ಇನ್ನೊಂದು ಸ್ಟೈಲಿನ ಲೆಕ್ಕ. ಎಂಎಲ್‌ಎಯಲ್ಲಿ ಪದ ಎಣಿಸುವುದಿಲ್ಲ, ಗದ್ಯ 4 ಸಾಲಿಗಿಂತ ಜಾಸ್ತಿ ಆದರೆ ಬ್ಲಾಕ್. ಎಣಿಸಬೇಕಾದದ್ದು ಪುಸ್ತಕದ ಸಾಲನ್ನಲ್ಲ, ನಿಮ್ಮ ಪುಟದ ಸಾಲನ್ನು. ಮೊದಲು ಮಾಮೂಲಿ ಪ್ಯಾರಾದೊಳಗೆ ಟೈಪ್ ಮಾಡಿ ನೋಡಿ. ಐದನೇ ಸಾಲಿಗೆ ಇಳಿದರೆ ಬೇರೆ ಮಾಡಿ.

ಇನ್ನು ಎಷ್ಟು ಒಳಗೆ ಅನ್ನುವುದು. ಎಡಗಡೆಯಿಂದ ಅರ್ಧ ಇಂಚು, ಬಲಗಡೆ ಏನೂ ಇಲ್ಲ. ಒಂದು ಇಂಚು ಅನ್ನುವವರೂ ಸುಮ್ನೆ ಹೇಳುವುದಿಲ್ಲ. ಎಂಎಲ್‌ಎ ಕೈಪಿಡಿಯ 2009ರ ಏಳನೇ ಆವೃತ್ತಿಯಲ್ಲಿ ಹಾಗೇ ಇತ್ತು. 2016ರ ಎಂಟನೆಯದರಲ್ಲಿ ಅರ್ಧ ಇಂಚಾಯಿತು, 2021ರ ಒಂಬತ್ತನೆಯದರಲ್ಲೂ ಅದೇ. ಹಳೇ ಥೀಸಿಸ್ ನೋಡಿ ನಕಲು ಮಾಡುವವರಿಗೆ ಇಲ್ಲೇ ಎಡವಟ್ಟಾಗುವುದು.

ಸ್ಪೇಸ್ ಬಾರ್ ಒತ್ತಿ ಒತ್ತಿ ತಳ್ಳಬೇಡಿ. ಫಾಂಟ್ ಬದಲಾದ ಕೂಡಲೇ ಸಾಲುಗಳು ಚೆಲ್ಲಾಪಿಲ್ಲಿ. ವರ್ಡ್‌ನಲ್ಲಿ ಆ ಪ್ಯಾರಾದೊಳಗೆ ಕರ್ಸರ್ ಇಟ್ಟು `Layout` ಟ್ಯಾಬ್‌ನ `Indent` ಕೆಳಗೆ `Left` ಅನ್ನುವಲ್ಲಿ 0.5" ಕೊಡಿ. ಸೆಂಟಿಮೀಟರ್ ತೋರಿಸುತ್ತಿದ್ದರೆ 1.27 ಹಾಕಿ. ಆಮೇಲೂ ಮೊದಲ ಸಾಲು ಮಾತ್ರ ಇನ್ನಷ್ಟು ಒಳಗೆ ನಿಂತಿದೆಯಾ? ನಿಮ್ಮ ಮಾಮೂಲಿ ಪ್ಯಾರಾಗಳಿಗೆ ಕೊಟ್ಟ ಮೊದಲ ಸಾಲಿನ ಇಂಡೆಂಟ್ ಇದಕ್ಕೂ ಅಂಟಿಕೊಂಡಿದೆ ಅಂತ ಅರ್ಥ. `Paragraph` ಕಿಟಕಿ ತೆರೆದು `Special` ಅನ್ನು `(none)` ಮಾಡಿ. ಒಂದೇ ಪ್ಯಾರಾದಿಂದ ತೆಗೆದ ಕೋಟ್‌ಗೆ ಮೊದಲ ಸಾಲು ಒಳಗೆ ಹೋಗಬಾರದು.

ಅದೇ ಕಿಟಕಿಯಲ್ಲಿ `Before`, `After` ಎರಡೂ 0 ಇರಲಿ. ಇಲ್ಲದಿದ್ದರೆ ಬ್ಲಾಕ್‌ನ ಮೇಲೆ ಕೆಳಗೆ ಜಾಸ್ತಿ ಜಾಗ ಬೀಳುತ್ತದೆ. ಸಾಲಿನ ಅಂತರ ಮಾತ್ರ ಉಳಿದ ಬರಹದ ಹಾಗೇ ಡಬಲ್. ಕೋಟ್ ಮುಗಿದ ಮೇಲೆ ನಿಮ್ಮ ಅದೇ ಪ್ಯಾರಾ ಮುಂದುವರಿಯುವುದಾದರೆ, ಆ ಸಾಲನ್ನು ಎಡ ಅಂಚಿನಿಂದಲೇ ಶುರು ಮಾಡಿ. ಹೊಸ ಪ್ಯಾರಾ ಆದರೆ ಮಾತ್ರ ಒಳಗೆ.

ವಚನದ ಇಂಗ್ಲಿಷ್ ಅನುವಾದ ಹಾಕುವುದು ಹೇಗೆ ಅಂತ ಇನ್ನೊಬ್ಬರು ಕೇಳಿದ್ದಾರೆ. ಅದು ಬೇರೆ ಪ್ರಶ್ನೆ, ಆದರೂ ಹೇಳಿಬಿಡುತ್ತೇನೆ. ಸಾಲು ಮುರಿದು ಪದ್ಯದ ಹಾಗೆ ಅಚ್ಚಾಗಿದ್ದರೆ 3 ಸಾಲು ದಾಟಿದರೇ ಬ್ಲಾಕ್. ಸಾಲುಗಳನ್ನು ಅಚ್ಚಾದ ಆ ಅನುವಾದದಲ್ಲಿ ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಿರಿ. ಕೊನೇ ಸಾಲಿನಲ್ಲಿ ಬ್ರಾಕೆಟ್ ಹಿಡಿಸದಿದ್ದರೆ ಕೆಳಗಿನ ಸಾಲಿಗೆ ಇಳಿಸಿ, ಬಲ ಅಂಚಿಗೆ ಒತ್ತಿ ಇಡಿ.

ಒಂದು ತಕರಾರು ಉಳಿಯುತ್ತದೆ. ಥೀಸಿಸ್‌ನಲ್ಲಿ ಬ್ಲಾಕ್ ಕೋಟ್ ಸಿಂಗಲ್ ಸ್ಪೇಸ್ ಇರಲಿ ಅನ್ನುವ ವಿಭಾಗಗಳಿವೆ. ಅದು ಎಂಎಲ್‌ಎ ಅಲ್ಲ, ಆ ಕಡೆಯ ಸ್ವಂತ ನಿಯಮ. ನಿಮ್ಮ ವಿಭಾಗದ ಸೂಚನೆಯಲ್ಲಿ ಹಾಗೆ ಬರೆದಿದ್ದರೆ ಗೈಡ್ ಹತ್ತಿರ ಕೇಳಿಯೇ ಬದಲಿಸಿ. ಕೆಂಪು ಸುತ್ತು ಬಿದ್ದ ಪುಟದ ಫೋಟೋ ಇಲ್ಲಿ ಹಾಕಿದರೆ, ಅವರು ಫುಲ್‌ಸ್ಟಾಪಿಗೇ ಹೇಳಿದ್ದಾ ಬೇರೆ ಏನಕ್ಕಾದರೂ ಹೇಳಿದ್ದಾ ನೋಡೋಣ.