ಬೇಸಿಗೆಗೆ 68, ಚಳಿಗೆ 46: ಬ್ಯಾಕ್‌ಹೋ ಲೋಡರಿನ ಆಯಿಲ್ ಬದಲಿಸುತ್ತಲೇ ಇರಬೇಕೇ?

ಪ್ರಶ್ನೆ: ನಮ್ಮ ಕಾಮಗಾರಿಯ ಬ್ಯಾಕ್‌ಹೋ ಲೋಡರಿನಲ್ಲಿ 46 ಗ್ರೇಡಿನ ಸಾಮಾನ್ಯ ಹೈಡ್ರಾಲಿಕ್ ಆಯಿಲ್ ಇದೆ. ಬೇಸಿಗೆಯ ಮಧ್ಯಾಹ್ನ ಬೂಮ್ ನಿಧಾನವಾಗುತ್ತದೆ. ಆಗ ಅಳೆದರೆ ಟ್ಯಾಂಕಿನ ಆಯಿಲ್ 82 ಡಿಗ್ರಿ ಇತ್ತು. ಮೆಕ್ಯಾನಿಕ್ 68 ಹಾಕಿಸಿ ಎನ್ನುತ್ತಾರೆ. ಆದರೆ ಚಳಿಗಾಲದ ಬೆಳಗ್ಗೆ ಇಲ್ಲಿ 8 ಡಿಗ್ರಿಗೆ ಇಳಿಯುತ್ತದೆ. ಎರಡೂ ಕಾಲಕ್ಕೆ ಯಾವುದು ಸರಿ?

ಉತ್ತರ: ನೀವು ಟ್ಯಾಂಕಿನ ಉಷ್ಣತೆಯನ್ನು ಅಳೆದಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು. ಬಹಳಷ್ಟು ಜನ ಹೊರಗಿನ ಬಿಸಿಲನ್ನು ನೋಡಿ ಗ್ರೇಡ್ ನಿರ್ಧರಿಸುತ್ತಾರೆ, ಆದರೆ ಪಂಪಿಗೆ ಗೊತ್ತಾಗುವುದು ತನ್ನೊಳಗೆ ಹರಿಯುವ ಆಯಿಲಿನ ಬಿಸಿ ಮಾತ್ರ.

46, 68 ಎಂಬ ಅಂಕಿಗಳು ಆಯಿಲಿನ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ದಪ್ಪವಾಗಿ ಹರಿಯುತ್ತದೆ ಎಂಬುದನ್ನು, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಹೇಳುತ್ತವೆ. ದುಡಿಯುವ ಯಂತ್ರದಲ್ಲಿ ಆಯಿಲ್ 40 ಡಿಗ್ರಿಯಲ್ಲಿ ನಿಲ್ಲುವುದಿಲ್ಲ. ನಿಮ್ಮಲ್ಲಿರುವ ಸಾಮಾನ್ಯ 46, ಅಂದರೆ ಡಬ್ಬಿಯ ಮೇಲೆ ಎಚ್‌ಎಂ ಎಂದು ಗುರುತಿರುವ ಬಗೆ, 82 ಡಿಗ್ರಿಯಲ್ಲಿ ಸುಮಾರು 10.5 ಸೆಂಟಿಸ್ಟೋಕ್‌ಗೆ ಇಳಿಯುತ್ತದೆ. ಇಂಥ ಯಂತ್ರಗಳ ಪಂಪ್ ಸುಮಾರು 16ರಿಂದ 36 ಸೆಂಟಿಸ್ಟೋಕ್ ನಡುವೆ ಚೆನ್ನಾಗಿ ಕೆಲಸ ಮಾಡುತ್ತದೆ. 10ಕ್ಕಿಂತ ಕೆಳಗೆ ಇಳಿದರೆ ಲೋಹದ ಭಾಗಗಳ ನಡುವೆ ನಿಲ್ಲಬೇಕಾದ ಆಯಿಲಿನ ಪದರವೇ ಉಳಿಯುವುದಿಲ್ಲ. ನಿಮ್ಮ ಯಂತ್ರ ಆ ಅಂಚಿನಲ್ಲಿದೆ, ಆದ್ದರಿಂದ ಮೆಕ್ಯಾನಿಕ್ ಹೇಳಿದ್ದರಲ್ಲಿ ತಿರುಳಿಲ್ಲದೆ ಇಲ್ಲ: ಅದೇ 82 ಡಿಗ್ರಿಯಲ್ಲಿ ಸಾಮಾನ್ಯ 68 ಸುಮಾರು 14 ಸೆಂಟಿಸ್ಟೋಕ್ ಇರುತ್ತದೆ.

ಆದರೆ ಈಗಿರುವ 46 ಕೂಡ 72 ಡಿಗ್ರಿಯಲ್ಲಿ ಅದೇ 14 ಸೆಂಟಿಸ್ಟೋಕ್ ಇರುತ್ತದೆ. ಹೀಗಾಗಿ ಆಯಿಲನ್ನು ಹತ್ತು ಡಿಗ್ರಿ ತಣ್ಣಗಿಟ್ಟರೆ ಒಂದು ಗ್ರೇಡ್ ಏರಿಸಿದಷ್ಟೇ ಫಲ ಸಿಗುತ್ತದೆ, ಚಳಿಗಾಲಕ್ಕೆ ದಪ್ಪ ಆಯಿಲಿನ ತೊಂದರೆಯೂ ಬರುವುದಿಲ್ಲ. ಮಣ್ಣು ಅಗೆಯುವ ಯಂತ್ರದಲ್ಲಿ ಆಯಿಲ್ ಕೂಲರಿನ ರೆಕ್ಕೆಗಳ ನಡುವೆ ಧೂಳು ಗಾರೆಯಂತೆ ಕಟ್ಟಿಕೊಳ್ಳುತ್ತದೆ, ಮೇಲುನೋಟಕ್ಕೆ ಮುಂಭಾಗ ಚೊಕ್ಕಟವಾಗಿ ಕಂಡರೂ ಅದರ ಮತ್ತು ರೇಡಿಯೇಟರಿನ ನಡುವಿನ ಸಂದಿ ತುಂಬಿಹೋಗಿರುತ್ತದೆ. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ, ಫ್ಯಾನಿನ ಕಡೆಯಿಂದ ಹೊರಕ್ಕೆ ಗಾಳಿ ಹಾಯಿಸಿ ಕೂಲರನ್ನು ಸ್ವಚ್ಛಗೊಳಿಸಿ. ಒತ್ತಡದ ನೀರನ್ನು ಹತ್ತಿರದಿಂದ ಹೊಡೆದರೆ ರೆಕ್ಕೆಗಳು ಬಾಗಿ ಇನ್ನಷ್ಟು ಮುಚ್ಚಿಕೊಳ್ಳುತ್ತವೆ. ಫ್ಯಾನ್ ಬೆಲ್ಟಿನ ಬಿಗಿಯನ್ನೂ ಟ್ಯಾಂಕಿನಲ್ಲಿ ಆಯಿಲ್ ಮಟ್ಟವನ್ನೂ ನೋಡಿ. ಬಳಿಕ ಮೂರು ಗಂಟೆ ಅಗೆತ ನಡೆದ ಮೇಲೆ, ಆಯಿಲ್ ಇರುವ ಮಟ್ಟಕ್ಕಿಂತ ಕೆಳಗೆ, ಟ್ಯಾಂಕಿನ ಬಣ್ಣ ಬಳಿದ ಗೋಡೆಯ ಮೇಲೆ ಥರ್ಮಾಮೀಟರ್ ಹಿಡಿದು ಮತ್ತೆ ಅಳೆಯಿರಿ. ಹೊಳೆಯುವ ಲೋಹದ ಮೇಲೆ ಹಿಡಿದರೆ ಇನ್ಫ್ರಾರೆಡ್ ಉಪಕರಣ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಇನ್ನೊಂದು ಸಂಶಯವನ್ನೂ ನಿವಾರಿಸಿಕೊಳ್ಳಬೇಕು. ಪಂಪಿನ ಒಳಸೋರಿಕೆ ಆಯಿಲ್ ತೆಳುವಾದಷ್ಟೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಆದರೆ ಭಾಗಗಳ ನಡುವಿನ ಸಂದಿ ಅಗಲವಾದರೆ ಸೋರಿಕೆ ಅಗಲದ ಘನಕ್ಕೆ ಅನುಗುಣವಾಗಿ ಏರುತ್ತದೆ. ಸಂದಿ ಸವೆದು ಹತ್ತನೆಯ ಒಂದು ಪಾಲು ಅಗಲವಾದರೂ ಸೋರಿಕೆ ಮೂರನೆಯ ಒಂದು ಪಾಲು ಹೆಚ್ಚುತ್ತದೆ, ಅಂದರೆ 46ರಿಂದ 68ಕ್ಕೆ ಹೋಗಿ ಗಳಿಸಿದ್ದೆಲ್ಲ ಅಷ್ಟರಲ್ಲೇ ಕರಗಿಹೋಗುತ್ತದೆ. ಸವೆದ ಪಂಪಿಗೆ ದಪ್ಪ ಆಯಿಲ್ ಹಾಕಿದರೆ ರೋಗ ಕೆಲವು ತಿಂಗಳು ಮರೆಯಾಗುತ್ತದೆ, ಅಷ್ಟೇ. ಇದನ್ನು ತಿಳಿಯಲು ಗಡಿಯಾರ ಸಾಕು: ಎಂಜಿನ್ ವೇಗವನ್ನು ಒಂದೇ ಸಮನಾಗಿರಿಸಿ, ಖಾಲಿ ಬಕೆಟ್‌ನೊಂದಿಗೆ ಬೂಮ್ ಕೆಳಗಿನಿಂದ ತುದಿಯವರೆಗೆ ಏಳಲು ತೆಗೆದುಕೊಳ್ಳುವ ಸಮಯವನ್ನು ಆಯಿಲ್ 50 ಡಿಗ್ರಿ ಇದ್ದಾಗ ಒಮ್ಮೆ, ಮಧ್ಯಾಹ್ನ ಇನ್ನೊಮ್ಮೆ ಬರೆದಿಡಿ. 50 ಡಿಗ್ರಿಯಲ್ಲೂ ನಿಧಾನವಿದ್ದರೆ ದೋಷ ಬಿಸಿಯದಲ್ಲ. ಕೂಲರ್ ಶುಚಿಯಾಗಿ 72 ಡಿಗ್ರಿಗೆ ಇಳಿದ ಮೇಲೂ ಮಧ್ಯಾಹ್ನದ ಸಮಯ ಬಹಳ ಹೆಚ್ಚಿದ್ದರೆ, ಆಯಿಲ್ ಕೊಳ್ಳುವ ಮೊದಲು ಪಂಪಿನ ಹರಿವನ್ನು ಫ್ಲೋ ಮೀಟರ್ ಹಾಕಿ ಅಳೆಸಿರಿ. ಎಂಜಿನ್ ನಿಲ್ಲಿಸಿದ ಮೇಲೂ ಬೂಮ್ ತಾನಾಗಿ ಇಳಿಯುತ್ತಿದ್ದರೆ ಅದು ಪಂಪಿನ ತಪ್ಪಲ್ಲ. ಸಿಲಿಂಡರಿನ ಸೀಲನ್ನೋ ವಾಲ್ವಿನ ಸ್ಪೂಲನ್ನೋ ನೋಡಬೇಕು.

ಈಗ ಚಳಿಗಾಲದ ಮಾತು. 8 ಡಿಗ್ರಿಯ ಬೆಳಗ್ಗೆ ಸಾಮಾನ್ಯ 68 ಸುಮಾರು 520 ಸೆಂಟಿಸ್ಟೋಕ್, ಸಾಮಾನ್ಯ 46 ಸುಮಾರು 300 ಇರುತ್ತದೆ. ಪಂಪ್ ಚಾಲೂ ಮಾಡಲು ಸಾಮಾನ್ಯವಾಗಿ ಒಪ್ಪುವ ಮಿತಿ ಸುಮಾರು 1000, ಆದ್ದರಿಂದ 68 ಹಾಕಿದರೂ ಯಂತ್ರ ಚಾಲೂ ಆಗುತ್ತದೆ. ತೊಂದರೆ ನಂತರದ್ದು: ದಪ್ಪ ಆಯಿಲ್ ಹೀರುಕೊಳವೆಯ ಜಾಲರಿಯಲ್ಲಿ ಬೇಗ ದಾಟದೆ ಪಂಪಿನೊಳಗೆ ನಿರ್ವಾತದ ಗುಳ್ಳೆಗಳು ಹುಟ್ಟಿ, ಒಡೆದು, ಲೋಹವನ್ನು ಕಚ್ಚುತ್ತವೆ. ಕೀರಲು ಧ್ವನಿ ಕೇಳಿಸಿದರೆ ಇದೇ ಆಗುತ್ತಿದೆ ಎಂದು ತಿಳಿಯಿರಿ. ಆಪರೇಟರ್ ಮೊದಲ ಐದು ಹತ್ತು ನಿಮಿಷ ಎಂಜಿನ್ ನಿಧಾನವಾಗಿಟ್ಟು ಬೂಮ್, ಬಕೆಟ್‌ಗಳನ್ನು ಭಾರವಿಲ್ಲದೆ ಆಡಿಸಬೇಕು. ಸಿಲಿಂಡರನ್ನು ಕೊನೆಗೊತ್ತಿ ಲಿವರ್ ಹಿಡಿದು ಬಿಸಿ ಮಾಡುವ ಅಭ್ಯಾಸ ಬೇಡ.

ಎರಡೂ ಕಾಲಕ್ಕೆ ನನ್ನ ಆಯ್ಕೆ 46ರಲ್ಲೇ ಎಚ್‌ವಿ ಗುರುತಿನ ಬಗೆ. ಇದರ ವಿಸ್ಕಾಸಿಟಿ ಇಂಡೆಕ್ಸ್ ಸಾಮಾನ್ಯ ಎಚ್‌ಎಂ ಆಯಿಲಿನ ಸುಮಾರು 100ರ ಬದಲು 150ರ ಆಸುಪಾಸಿನಲ್ಲಿರುವುದರಿಂದ, ಬಿಸಿಗೂ ಚಳಿಗೂ ಅದರ ದಪ್ಪ ಕಡಿಮೆ ಬದಲಾಗುತ್ತದೆ. 8 ಡಿಗ್ರಿಯಲ್ಲಿ ಸುಮಾರು 240, 82ರಲ್ಲಿ ಸುಮಾರು 12, ಕೂಲರ್ ಸರಿಯಾಗಿ 72ಕ್ಕೆ ಇಳಿದರೆ 15ರ ಮೇಲೆ. ಎಲ್ಲ ಸರಿಪಡಿಸಿದ ಬಳಿಕವೂ ಟ್ಯಾಂಕ್ 85 ದಾಟುತ್ತಿದ್ದರೆ ಮಾತ್ರ, ಮತ್ತು ಯಂತ್ರದ ಕೈಪಿಡಿಯ ಉಷ್ಣತೆ ಪಟ್ಟಿ ಒಪ್ಪಿದರೆ ಮಾತ್ರ, ಎಚ್‌ವಿ 68ರ ಕಡೆ ನೋಡಿ. ಎಚ್‌ವಿ ಆಯಿಲಿನ ಈ ಗುಣ ಅದರೊಳಗಿನ ಪಾಲಿಮರಿನಿಂದ ಬಂದದ್ದು, ಪಂಪಿನ ಒತ್ತಡದಲ್ಲಿ ಆ ಪಾಲಿಮರ್ ತುಂಡಾಗುತ್ತಾ ಹೋಗುತ್ತದೆ. ಅಗ್ಗದ ಸರಕಿನಲ್ಲಿ ಇದು ಬೇಗ ಆಗುವುದರಿಂದ, 500 ಗಂಟೆಗೆ ಒಂದು ಮಾದರಿ ಕೊಟ್ಟು 40 ಡಿಗ್ರಿಯ ಸ್ನಿಗ್ಧತೆಯನ್ನು ಪರೀಕ್ಷಿಸಿ. ಹೊಸದರಲ್ಲಿ ಇದ್ದದ್ದಕ್ಕಿಂತ ಬಹಳ ಕೆಳಗೆ ಹೋಗಿದ್ದರೆ ಹೆಸರಿಗೆ ಮಾತ್ರ 46 ಉಳಿದಿದೆ.

ಕಾಲಕ್ಕೊಮ್ಮೆ 46, 68 ಎಂದು ಬದಲಿಸುವುದನ್ನು ನಾನು ಒಪ್ಪದಿರುವುದಕ್ಕೆ ಕಾರಣ ಲೆಕ್ಕದಲ್ಲಿದೆ. ಇಡೀ ವ್ಯವಸ್ಥೆಯಲ್ಲಿ 130 ಲೀಟರ್ ಇದ್ದು ಟ್ಯಾಂಕಿನಿಂದ 80 ಹೊರಬಂದರೆ, ಉಳಿದ 50 ಲೀಟರ್ ಸಿಲಿಂಡರ್, ಹೋಸ್‌ಗಳಲ್ಲೇ ಇರುತ್ತದೆ. ಅದರ ಮೇಲೆ 68 ಸುರಿದರೆ ಸಿಗುವುದು ಸುಮಾರು 58ರ ಮಿಶ್ರಣ, ಯಾವ ಡಬ್ಬಿಯ ಮೇಲೂ ಇಲ್ಲದ ಗ್ರೇಡ್. ಎಚ್‌ವಿಗೆ ಬದಲಿಸುವಾಗಲೂ ಇದೇ ಜಾಗ್ರತೆ ಬೇಕು: ಸಿಲಿಂಡರ್‌ಗಳನ್ನು ಸಾಧ್ಯವಾದಷ್ಟು ಒಳಗೆ ಸರಿಸಿ, ಬಕೆಟ್ ನೆಲಕ್ಕಿಟ್ಟು, ಒತ್ತಡ ಬಿಟ್ಟು, ಆಯಿಲ್ ಬೆಚ್ಚಗಿರುವಾಗಲೇ ಇಳಿಸಿ. ಫಿಲ್ಟರ್ ಬದಲಿಸಿ. ಮಟ್ಟ ನೋಡುವಾಗ ಬೂಮ್ ಮತ್ತು ಲೋಡರ್ ತೋಳುಗಳು ಕೈಪಿಡಿ ಹೇಳುವ ಭಂಗಿಯಲ್ಲೇ ಇರಲಿ, ಇಲ್ಲದಿದ್ದರೆ ಗಾಜಿನಲ್ಲಿ ಕಾಣುವ ಮಟ್ಟ ನಿಜವಾದದ್ದಲ್ಲ.