ಅಜ್ಜನ ಕ್ಷೌರದ ಕತ್ತಿಯ ವಯಸ್ಸು

"ಕತ್ತಿಯ ಬುಡದಲ್ಲಿ ಜೋಸೆಫ್ ರಾಜರ್ಸ್ ಅಂಡ್ ಸನ್ಸ್, ಕಟ್ಲರ್ಸ್ ಟು ಹರ್ ಮೆಜೆಸ್ಟಿ, ಶೆಫೀಲ್ಡ್ ಅಂತಿದೆ. ನಕ್ಷತ್ರ, ಶಿಲುಬೆ ಗುರುತೂ ಇದೆ. ಕಪ್ಪು ಹಿಡಿ. ಎಷ್ಟು ಹಳೆಯದು?"

ನಿಮ್ಮದು ಬಹುತೇಕ ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ 1837ರಿಂದ 1901ರೊಳಗಿನದು. ಕಾಲ ಹೇಳುವುದು 'ಹರ್ ಮೆಜೆಸ್ಟಿ' ಎಂಬ ಮಾತು. ನಕ್ಷತ್ರ ಮತ್ತು ಶಿಲುಬೆ ಆ ಕಂಪನಿ ಬಹಳ ಕಾಲ ಬಳಸಿದ ಗುರುತು, ಅದರಿಂದ ವರ್ಷ ಸಿಗುವುದಿಲ್ಲ.

ಮೊದಲು ಬುಡದ ಎರಡೂ ಬದಿಯನ್ನು ಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿ, ಓರೆ ಬೆಳಕಿನಲ್ಲಿ ನೋಡಿ. ಮರಳು ಕಾಗದ ಮುಟ್ಟಿಸಬೇಡಿ, ಅಕ್ಷರ ಸವೆದುಹೋಗುತ್ತದೆ. ಶೆಫೀಲ್ಡ್ ಜೊತೆಗೆ 'ಇಂಗ್ಲೆಂಡ್' ಎಂದೂ ಒತ್ತಿದ್ದರೆ 1891ರ ನಂತರದ್ದು ಎನ್ನಬಹುದು. ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕೆಂದು ಅಮೆರಿಕ ಆಗ ಕಡ್ಡಾಯ ಮಾಡಿತು. ಆದರೆ ಇಂಗ್ಲೆಂಡ್ ಇಲ್ಲದ ಮಾತ್ರಕ್ಕೆ ಅದಕ್ಕೂ ಹಳೆಯದು ಎನ್ನಲಾಗದು, ಬೇರೆ ದೇಶಕ್ಕೆ ಹೋಗುವ ಮಾಲಿಗೆ ಆ ನಿಯಮ ಇರಲಿಲ್ಲ.

ಆಮೇಲೆ ಹಿಡಿ. ಒಣ ಬಟ್ಟೆಯಿಂದ ಬಿಸಿಯಾಗುವಷ್ಟು ಉಜ್ಜಿ ಮೂಸಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್, ಹಾಗಾಗಿ ಹಿಡಿ 1870ಕ್ಕಿಂತ ಹಿಂದಿನದಲ್ಲ. ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ನಾರುಗೆರೆ ಕಂಡರೆ ಕೊಂಬು. ಕಾದ ಸೂಜಿ ಚುಚ್ಚುವ ಪರೀಕ್ಷೆ ಖಂಡಿತ ಬೇಡ, ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ. ಹಿಡಿ ಬದಲಾಯಿಸುವುದು ಸಾಮಾನ್ಯವಾಗಿದ್ದರಿಂದ ಅದರ ವಯಸ್ಸನ್ನು ಅಲಗಿಗೆ ಅಂಟಿಸಬೇಡಿ.

ಮಡಚಿದಾಗ ಹಿಡಿಯೊಳಗೆ ಕೂರುವ ಭಾಗಕ್ಕೆ ಮಾತ್ರ ತುಕ್ಕು ಹತ್ತಿದ್ದು, ಹಿಡಿ ಹುಳಿ ವಾಸನೆ ಬೀರುತ್ತಿದ್ದರೆ ಸೆಲ್ಯುಲಾಯ್ಡ್ ಕೊಳೆಯುತ್ತಿದೆ. ಅದರ ಆಮ್ಲ ಅಲಗನ್ನು ತಿನ್ನುತ್ತದೆ. ಬುಡದ ಪಿನ್ ಬಿಚ್ಚಿಸಿ ಅಲಗನ್ನು ಇಂದೇ ಬೇರೆಯಿಡಿ.